2.30 ಲಕ್ಷದ ವ್ಯತ್ಯಾಸಕ್ಕೆ ಉತ್ತರ

ಹುಬ್ಬಳ್ಳಿಯ ಒಂದು ಹಾರ್ಡ್‌ವೇರ್ ಅಂಗಡಿಯನ್ನು ಉದಾಹರಣೆಗೆ ಕಲ್ಪಿಸಿಕೊಳ್ಳಿ. 2018-19ರಲ್ಲಿ ಅಂಗಡಿಯವರು ಜಿಎಸ್‌ಟಿಆರ್-3ಬಿಯಲ್ಲಿ ಪಡೆದ ಇನ್‌ಪುಟ್ ಕ್ರೆಡಿಟ್ 9,40,000 ರೂಪಾಯಿ. ಮಾರಾಟಗಾರರ ರಿಟರ್ನ್‌ಗಳಿಂದ ತಾನಾಗಿ ತುಂಬಿಕೊಳ್ಳುವ 2ಎಯಲ್ಲಿ ಕಂಡದ್ದು 7,10,000. ಉಳಿದ 2,30,000 ರೂಪಾಯಿಯನ್ನು ಬಡ್ಡಿ, ದಂಡ ಸಮೇತ ಏಕೆ ವಸೂಲಿ ಮಾಡಬಾರದು ಎಂದು ಕೇಳುವ ಶೋಕಾಸ್ ನೋಟಿಸ್ ಬಂದಿದೆ.

‘ಸರಕು ಬಂದಿದೆ, ಬಿಲ್ ಇದೆ’ ಎಂದು ಎರಡು ಸಾಲು ಬರೆದು ಕಳಿಸಿದರೆ ಕೇಸು ಅಲ್ಲೇ ಸೋತಂತೆ. ಮೊದಲು ಖರೀದಿ ಪುಸ್ತಕವನ್ನು 2ಎ ಜೊತೆ ಬಿಲ್ಲಿಗೆ ಬಿಲ್ಲು ತಾಳೆ ನೋಡಿ, ವ್ಯತ್ಯಾಸವನ್ನು ಕಾರಣವಾರು ಒಡೆಯಬೇಕು.

ಈ ಅಂಗಡಿಯಲ್ಲಿ 40,000 ರೂಪಾಯಿ ಲಾರಿ ಬಾಡಿಗೆಯ ಮೇಲೆ ರಿವರ್ಸ್ ಚಾರ್ಜ್‌ನಲ್ಲಿ ಮಾಲೀಕರೇ ಕಟ್ಟಿದ ತೆರಿಗೆ. ಅದಕ್ಕೆ ಅವರದೇ 3ಬಿ ಮತ್ತು ಚಲನ್ ಸಾಕ್ಷಿ. 90,000ದ ಬಿಲ್‌ಗಳಲ್ಲಿ ಮಾರಾಟಗಾರರು ಬೇರೆಯವರ ಜಿಎಸ್‌ಟಿ ನಂಬರ್ ಹಾಕಿದ್ದಾರೆ. ಇನ್ನೊಬ್ಬರು 60,000ದ ಬಿಲ್‌ಗಳನ್ನು ಸಾಮಾನ್ಯ ಗ್ರಾಹಕರ ಮಾರಾಟವೆಂದು ತೋರಿಸಿದ್ದಾರೆ. ಈ ಎರಡೂ ಬಗೆಯ ತಪ್ಪುಗಳಿಗೆ ಕೇಂದ್ರ ಪರೋಕ್ಷ ತೆರಿಗೆ ಮಂಡಳಿಯ 27 ಡಿಸೆಂಬರ್ 2022ರ 183ನೇ ಸುತ್ತೋಲೆ ದಾರಿ ಮಾಡಿಕೊಟ್ಟಿದೆ. ಅದು 2017-18 ಮತ್ತು 2018-19ಕ್ಕೆ ಅನ್ವಯ. ಒಬ್ಬ ಮಾರಾಟಗಾರನಿಂದ ಬಂದ ವರ್ಷದ ವ್ಯತ್ಯಾಸ 5 ಲಕ್ಷದೊಳಗಿದ್ದರೆ, ಸರಕು ಪೂರೈಸಿ 3ಬಿಯಲ್ಲಿ ತೆರಿಗೆ ಕಟ್ಟಿದ್ದೇನೆ ಎಂದು ಆತನೇ ಕೊಡುವ ಪ್ರಮಾಣಪತ್ರ ಸಾಕು. ಅದಕ್ಕಿಂತ ಹೆಚ್ಚಾದರೆ ಚಾರ್ಟರ್ಡ್ ಅಥವಾ ಕಾಸ್ಟ್ ಅಕೌಂಟೆಂಟ್ ಪ್ರಮಾಣಪತ್ರ ಬೇಕು.

ಕೊನೆಯ 40,000ವೇ ಕಷ್ಟದ್ದು. ಆ ಮಾರಾಟಗಾರ ಈಗಲೂ ವ್ಯಾಪಾರದಲ್ಲಿದ್ದಾನೆ, ಆದರೆ ತೆರಿಗೆ ಕಟ್ಟಿಲ್ಲ. ಸರ್ಕಾರಕ್ಕೆ ತೆರಿಗೆ ಸಂದಿರಬೇಕು ಎನ್ನುತ್ತದೆ ಕಲಂ 16(2)(ಸಿ). ದುಡ್ಡು ಪೂರ್ತಿ ಕೊಟ್ಟ ಖರೀದಿದಾರನಿಗೆ ಇದು ನಿಜಕ್ಕೂ ಅನ್ಯಾಯವೆನಿಸುವ ಷರತ್ತು. ಇಲ್ಲಿ ಕಲ್ಕತ್ತಾ ಹೈಕೋರ್ಟಿನ 2023ರ ಸನ್‌ಕ್ರಾಫ್ಟ್ ಎನರ್ಜಿ ತೀರ್ಪನ್ನು ಎತ್ತಿ ಹಿಡಿಯಬಹುದು: ಮೊದಲು ಮಾರಾಟಗಾರನ ವಿರುದ್ಧ ಕ್ರಮ ಕೈಗೊಳ್ಳದೆ ಖರೀದಿದಾರನಿಂದ ಕ್ರೆಡಿಟ್ ಕಿತ್ತುಕೊಳ್ಳಬಾರದು ಎಂದು ಅದು ಹೇಳಿತು. ಮಾರಾಟಗಾರ ನಾಪತ್ತೆಯಾಗಿದ್ದರೆ ಅಥವಾ ಇಬ್ಬರೂ ಶಾಮೀಲಾಗಿದ್ದರೆ ಈ ರಕ್ಷಣೆ ಇಲ್ಲ. ಬೇರೆ ರಾಜ್ಯದ ಹೈಕೋರ್ಟಿನ ತೀರ್ಪಾದ್ದರಿಂದ ಇಲ್ಲಿನ ಅಧಿಕಾರಿ ಒಪ್ಪಲೇಬೇಕೆಂದೂ ಇಲ್ಲ.

ಅದಕ್ಕೇ ಸರಕು ಬಂದದ್ದನ್ನು ಗಟ್ಟಿಯಾಗಿ ಸಾಬೀತು ಮಾಡಬೇಕು. ಕರ್ನಾಟಕ ವ್ಯಾಟ್ ಕಾಯ್ದೆಯಡಿಯ ಇಕಾಮ್ ಗಿಲ್ ಕಾಫಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2023ರ ಮಾರ್ಚ್‌ನಲ್ಲಿ, ಬಿಲ್ ಮತ್ತು ಚೆಕ್ ಪಾವತಿ ಮಾತ್ರ ಸಾಲದು, ವಾಹನದ ವಿವರ, ಬಾಡಿಗೆ ಪಾವತಿ, ಸರಕು ತಲುಪಿದ ಸ್ವೀಕೃತಿಯಂಥ ದಾಖಲೆಗಳೂ ಬೇಕು ಎಂದಿತು. ಜಿಎಸ್‌ಟಿಯ ಕಲಂ 155 ಕೂಡ ಸಾಬೀತಿನ ಹೊಣೆಯನ್ನು ಕ್ರೆಡಿಟ್ ಪಡೆದವರ ಮೇಲೇ ಹೊರಿಸಿದೆ. ಹಾಗಾಗಿ ಈ ನಾಲ್ಕನೇ ಕಂತಿನ ಪ್ರತಿ ಬಿಲ್ಲಿನ ಹಿಂದೆ ಇ-ವೇ ಬಿಲ್, ಲಾರಿ ರಸೀದಿ, ದಾಸ್ತಾನು ಪುಸ್ತಕದ ಪುಟ, ಬ್ಯಾಂಕ್ ಸ್ಟೇಟ್‌ಮೆಂಟ್ ಜೋಡಿಸಬೇಕು.

ಉತ್ತರವನ್ನು ನೋಟಿಸಿನಲ್ಲಿ ಹೇಳಿದ ಗಡುವಿನೊಳಗೆ ಪೋರ್ಟಲ್‌ನಲ್ಲಿ ಡಿಆರ್‌ಸಿ-06 ನಮೂನೆಯಲ್ಲಿ ಸಲ್ಲಿಸಬೇಕು. ಅದರಲ್ಲಿ ಖುದ್ದು ವಿಚಾರಣೆ ಬೇಕೇ ಎಂಬ ಪ್ರಶ್ನೆಗೆ ‘ಹೌದು’ ಎಂದೇ ಗುರುತಿಸಬೇಕು. ಲಿಖಿತವಾಗಿ ಕೇಳಿದವರಿಗೆ ವಿಚಾರಣೆ ಕೊಡಲೇಬೇಕೆಂದು ಕಲಂ 75(4) ಹೇಳುತ್ತದೆ.