ಹಸಿ ಅರಿಶಿನ, ಎಂಟು ಕಾಳು ಮೆಣಸು ಮತ್ತು ಒಂದು ಬೆಂಗಳೂರು ಪ್ರಯೋಗ

ಚಾಮರಾಜನಗರದ ಹೊಲಗಳಲ್ಲಿ ಅರಿಶಿನ ಕಿತ್ತ ಮೇಲೆ ಅದನ್ನು ಹಾಗೇ ಯಾರೂ ಒಣಗಿಸುವುದಿಲ್ಲ. ದೊಡ್ಡ ಕೊಪ್ಪರಿಗೆಯಲ್ಲಿ ಮುಕ್ಕಾಲು ಗಂಟೆಯೋ ಒಂದು ಗಂಟೆಯೋ ಬೇಯಿಸಿ, ಹತ್ತು ಹದಿನೈದು ದಿನ ಬಿಸಿಲಿಗೆ ಹರವಿ, ಆಮೇಲೆ ಡ್ರಮ್ಮಿಗೆ ಹಾಕಿ ತಿರುಗಿಸಿ ಪಾಲಿಶ್ ಮಾಡುತ್ತಾರೆ. ಇಷ್ಟೆಲ್ಲ ನೋಡಿದವರಿಗೆ ಒಂದು ಅನುಮಾನ ಬರುವುದು ಸಹಜ: ಹಸಿಯಲ್ಲಿ ಏನೋ ನಂಜಿರಬೇಕು, ಅದನ್ನು ತೆಗೆಯಲಿಕ್ಕೇ ಇವರು ಬೇಯಿಸುತ್ತಾರೆ.

ನಂಜು ತೆಗೆಯುವುದಕ್ಕೂ ಬೇಯಿಸುವುದಕ್ಕೂ ಸಂಬಂಧವಿಲ್ಲ. ಬೇಯಿಸಿದಾಗ ಗೆಡ್ಡೆಯೊಳಗಿನ ಪಿಷ್ಟ ಮೆತ್ತಗಾಗಿ ಒಣಗುವುದು ಬೇಗ ಆಗುತ್ತದೆ, ಬಣ್ಣ ಎಲ್ಲ ಕಡೆ ಒಂದೇ ಸಮ ಹರಡುತ್ತದೆ, ಮೊಳಕೆಯೊಡೆಯುವ ಶಕ್ತಿ ಸಾಯುತ್ತದೆ, ಹಸಿ ವಾಸನೆ ತಗ್ಗುತ್ತದೆ. ಕೊಂಬು ವರ್ಷಗಟ್ಟಲೆ ಕೆಡದೆ ಉಳಿಯಬೇಕಲ್ಲ, ಅದಕ್ಕೆ ಈ ಶ್ರಮ. ಹಸಿ ಅರಿಶಿನ ತಿನ್ನುವ ರೂಢಿಯೇನೂ ಹೊಸದಲ್ಲ. ಗುಜರಾತಿನ ಮನೆಗಳಲ್ಲಿ ಚಳಿಗಾಲ ಬಂತೆಂದರೆ ಅದನ್ನು ತೆಳ್ಳಗೆ ಹೆಚ್ಚಿ, ಉಪ್ಪು, ನಿಂಬೆರಸದಲ್ಲಿ ನೆನೆಹಾಕಿ, ಬೇಯಿಸದೆಯೇ ಊಟಕ್ಕೆ ನಂಚಿಕೊಳ್ಳುತ್ತಾರೆ. ರಾಜಸ್ಥಾನದಲ್ಲಿ ತುಪ್ಪದಲ್ಲಿ ಹುರಿದು ಪಲ್ಯವನ್ನೇ ಮಾಡುತ್ತಾರೆ.

ಆದರೆ ಕೊಳ್ಳುವಾಗ ಗೆಡ್ಡೆ ಯಾವುದೆಂದು ನೋಡಿಕೊಳ್ಳಬೇಕು. ಅಡುಗೆಯ ಅರಿಶಿನವನ್ನು ಮುರಿದರೆ ಒಳಗೆ ಗಾಢ ಕಿತ್ತಳೆ. ಮೈಗೆ ಹಚ್ಚುವ ಕಸ್ತೂರಿ ಅರಿಶಿನದ ಒಳಭಾಗ ತಿಳಿಹಳದಿ, ಮೂಸಿದರೆ ಕರ್ಪೂರದ ವಾಸನೆ. ಅದು ಸೌಂದರ್ಯಕ್ಕೆ ಬಳಸುವ ಬೇರೆ ಜಾತಿ, ತಿನ್ನಲಿಕ್ಕಲ್ಲ. ಮಾವಿನಶುಂಠಿಯೂ ಒಳಗೆ ತಿಳಿಹಳದಿಯೇ, ಆದರೆ ಮಾವಿನಕಾಯಿಯ ಘಮ ಬಡಿದ ಕೂಡಲೇ ಗುರುತು ಸಿಗುತ್ತದೆ. ಅದನ್ನು ಧಾರಾಳವಾಗಿ ಉಪ್ಪಿನಕಾಯಿ ಹಾಕಬಹುದು. ಯಾವ ಗೆಡ್ಡೆಯಾದರೂ ಮಣ್ಣು ತೊಳೆದು, ಸಿಪ್ಪೆ ಹೆರೆದು ಬಳಸಬೇಕು, ಬೂಷ್ಟು ಹಿಡಿದಿದ್ದರೆ ಎಸೆಯಬೇಕು.

ಎಷ್ಟು ತಿನ್ನಬಹುದು? ಲೆಕ್ಕ ಕಷ್ಟದ್ದೇನಲ್ಲ. ಹಸಿ ಗೆಡ್ಡೆಯ ತೂಕದಲ್ಲಿ ಸುಮಾರು ಐದರಲ್ಲಿ ನಾಲ್ಕು ಪಾಲು ನೀರು. ಅಂದರೆ ಹೆಬ್ಬೆರಳ ತುದಿಯಷ್ಟು, 5 ಗ್ರಾಂ ತೂಗುವ ಚೂರು, ಒಣಗಿದರೆ 1 ಗ್ರಾಂ ಪುಡಿ. ಪುಡಿಯಲ್ಲಿ ಹಳದಿ ಬಣ್ಣ ಕೊಡುವ ಕರ್ಕ್ಯುಮಿನ್ ಇರುವುದು ಹೆಚ್ಚುಕಡಿಮೆ ಶೇಕಡಾ 3. ಆ ಚೂರಿನಿಂದ ಹೊಟ್ಟೆಗೆ ಹೋಗುವುದು 30 ಮಿಲಿಗ್ರಾಂ. ಆಹಾರಕ್ಕೆ ಸೇರಿಸುವ ಪದಾರ್ಥಗಳನ್ನು ಪರಿಶೀಲಿಸುವ ಅಂತರರಾಷ್ಟ್ರೀಯ ತಜ್ಞ ಸಮಿತಿ ಹಾಕಿರುವ ದಿನದ ಮಿತಿ, ದೇಹದ ಪ್ರತಿ ಕಿಲೋ ತೂಕಕ್ಕೆ 3 ಮಿಲಿಗ್ರಾಂ. 60 ಕಿಲೋ ತೂಕದವರಿಗೆ 180 ಮಿಲಿಗ್ರಾಂ, ಅಂದರೆ ಸುಮಾರು 30 ಗ್ರಾಂ ಹಸಿ ಅರಿಶಿನ. ಅಡುಗೆಯಲ್ಲಿ ಅಷ್ಟು ಹಾಕಿದರೆ ಬಾಯಿಗಿಡಲು ಆಗುವುದಿಲ್ಲ, ಆದರೆ ಬೆಳಗಿನ ಜ್ಯೂಸಿಗೆ ಹಿಡಿಗಟ್ಟಲೆ ಅರೆದು ಕುಡಿಯುವವರು ಸುಲಭವಾಗಿ ದಾಟಿಬಿಡುತ್ತಾರೆ. ಇನ್ನೊಂದು ಸಂಗತಿ: ಅರಿಶಿನದ ಆಕ್ಸಲೇಟ್ ನೀರಿನಲ್ಲಿ ಸುಲಭವಾಗಿ ಕರಗಿ ಮೂತ್ರಕ್ಕೆ ಸೇರುತ್ತದೆ. ಕಿಡ್ನಿ ಕಲ್ಲು ಬಂದವರು ದಿನವೂ ಕುಡಿಯುವ ವ್ರತ ಹಿಡಿಯದಿರುವುದೇ ಒಳ್ಳೆಯದು. ಪಿತ್ತನಾಳದಲ್ಲಿ ತಡೆಯಿದ್ದವರಿಗೂ ಇದೇ ಮಾತು.

ಇನ್ನು ಕಾಳುಮೆಣಸಿನ ವಿಚಾರ. ‘ಅರಿಶಿನಕ್ಕೆ ಮೆಣಸು ಸೇರಿಸಿದರೆ ಎರಡು ಸಾವಿರ ಪರ್ಸೆಂಟ್ ಜಾಸ್ತಿ ಹೀರಿಕೊಳ್ಳುತ್ತದೆ’ ಎಂಬ ಮಾತು ಈಗ ಜಗತ್ತಿನಾದ್ಯಂತ ಓಡಾಡುತ್ತಿದೆ. ಅದು ಹುಟ್ಟಿದ್ದು ನಮ್ಮ ಬೆಂಗಳೂರಿನಲ್ಲೇ. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು 1998ರಲ್ಲಿ ಪ್ರಕಟಿಸಿದ ಪ್ರಯೋಗವದು. ಬೆರಳೆಣಿಕೆಯ ಆರೋಗ್ಯವಂತರಿಗೆ 2 ಗ್ರಾಂ ಶುದ್ಧ ಕರ್ಕ್ಯುಮಿನ್ ಕೊಟ್ಟು ರಕ್ತ ಪರೀಕ್ಷಿಸಿದರು. ಸಿಕ್ಕಿದ್ದು ಇಲ್ಲವೆನ್ನುವಷ್ಟು ಕಡಿಮೆ. ಜೊತೆಗೆ ಮೆಣಸಿನ ಖಾರದ ಸಾರವಾದ ಪೈಪರಿನ್ 20 ಮಿಲಿಗ್ರಾಂ ಕೊಟ್ಟಾಗ ರಕ್ತದಲ್ಲಿ ಕಂಡ ಪ್ರಮಾಣ ಸುಮಾರು ಇಪ್ಪತ್ತು ಪಟ್ಟು ಏರಿತು. ಏರಿದ್ದು ಒಂದು ಗಂಟೆಯೊಳಗೆ, ಇಳಿದದ್ದೂ ಅಷ್ಟೇ ಬೇಗ. ಇಲಿಗಳಲ್ಲಿ ಹೆಚ್ಚಳ ಶೇಕಡಾ 154 ಮಾತ್ರ. ಸಂಶೋಧಕರ ಸಾಲಿನಲ್ಲಿ ಪೈಪರಿನ್ ಸಾರ ತಯಾರಿಸಿ ಮಾರುವ ಕಂಪನಿಯವರೂ ಇದ್ದರು ಎಂಬುದನ್ನು ಓದುಗರು ಮನಸ್ಸಿನಲ್ಲಿಟ್ಟುಕೊಂಡರೆ ತಪ್ಪಿಲ್ಲ.

ಹಾಗಾದರೆ ಸುಳ್ಳೇ? ಅಲ್ಲ. ಕರುಳೂ ಯಕೃತ್ತೂ ಕರ್ಕ್ಯುಮಿನ್ನಿಗೆ ಒಂದು ಸಕ್ಕರೆಯಂಥ ಆಮ್ಲವನ್ನು ಅಂಟಿಸಿ ಹೊರಗೆ ಕಳಿಸುತ್ತವೆ. ಪೈಪರಿನ್ ಆ ಅಂಟಿಸುವ ಕಿಣ್ವಗಳನ್ನು ಕೊಂಚ ಹೊತ್ತು ತಡೆಯುತ್ತದೆ. ಜಮ್ಮುವಿನ ಸಂಶೋಧನಾಲಯವೊಂದು ಪೈಪರಿನ್ನಿನ ಇದೇ ಬಗೆಯ ಗುಣವನ್ನು ಬಳಸಿ ಕ್ಷಯರೋಗದ ಮಾತ್ರೆಯನ್ನೇ ರೂಪಿಸಿತು: 10 ಮಿಲಿಗ್ರಾಂ ಪೈಪರಿನ್ ಸೇರಿಸಿದ್ದರಿಂದ ರಿಫಾಂಪಿಸಿನ್ ಪ್ರಮಾಣವನ್ನು 450ರಿಂದ 200 ಮಿಲಿಗ್ರಾಂಗೆ ಇಳಿಸಲು ಸಾಧ್ಯವಾಯಿತು. ಮೆಣಸಿಗೆ ಶಕ್ತಿಯಿದೆ ಎಂಬುದರಲ್ಲಿ ಎರಡು ಮಾತಿಲ್ಲ.

ತಪ್ಪು ಆಗುವುದು ಆ ಅಂಕಿಯನ್ನು ಅಡುಗೆಮನೆಗೆ ತಂದಾಗ. ಮೆಣಸಿನಲ್ಲಿ ಪೈಪರಿನ್ ಸುಮಾರು ಶೇಕಡಾ 5. ಹಾಗಾಗಿ 20 ಮಿಲಿಗ್ರಾಂ ಬೇಕೆಂದರೆ ಎಂಟು ಹತ್ತು ಕಾಳು ಸಾಕು. ಸಾರಿನಲ್ಲಿ ಅಷ್ಟು ಬಿದ್ದೇ ಬೀಳುತ್ತದೆ. ಆದರೆ 2 ಗ್ರಾಂ ಕರ್ಕ್ಯುಮಿನ್ನಿಗೆ 65 ಗ್ರಾಂ ಅರಿಶಿನ ಪುಡಿ ಬೇಕು, ಹಸಿಯದಾದರೆ 300 ಗ್ರಾಂ ಮೀರುತ್ತದೆ. ನಾಲ್ಕು ಜನರ ಸಾರಿಗೆ ಹಾಕುವುದು ಅರ್ಧ ಟೀ ಚಮಚ. ಒಬ್ಬರ ಪಾಲಿಗೆ ಬರುವುದು ಹತ್ತು ಹನ್ನೊಂದು ಮಿಲಿಗ್ರಾಂ. ಅದರಲ್ಲೂ ಒಲೆಯ ಮೇಲೆ ಒಂದಿಷ್ಟು ಹೋಗುತ್ತದೆ. ಮೈಸೂರಿನ ಸಿಎಫ್‌ಟಿಆರ್‌ಐ ವಿಜ್ಞಾನಿಗಳು ಅಳೆದು ನೋಡಿದಾಗ ಬೇಯಿಸುವಾಗಿನ ನಷ್ಟ ಶೇಕಡಾ 27ರಿಂದ 53, ಕುಕ್ಕರಿನಲ್ಲಿ ಎಲ್ಲಕ್ಕಿಂತ ಹೆಚ್ಚು. ಹುಣಸೆಹಣ್ಣು ಜೊತೆಗಿದ್ದರೆ ನಷ್ಟ ಕಡಿಮೆಯಾಯಿತು ಎಂಬುದು ಹುಳಿ ಪ್ರಿಯರಿಗೆ ಖುಷಿ ಕೊಡುವ ಸುದ್ದಿ. ಇಲ್ಲವೆನ್ನುವಷ್ಟು ಕಡಿಮೆ ಇರುವುದನ್ನು ಇಪ್ಪತ್ತು ಪಟ್ಟು ಮಾಡಿದರೂ ಅದು ಸ್ವಲ್ಪವೇ. ರಕ್ತಕ್ಕೆ ಸೇರಿತೆಂದ ಮಾತ್ರಕ್ಕೆ ಕಾಯಿಲೆ ವಾಸಿಯಾಗುವುದೂ ಇಲ್ಲ: ಕರ್ಕ್ಯುಮಿನ್ ಕುರಿತ ನೂರಕ್ಕೂ ಹೆಚ್ಚು ಚಿಕಿತ್ಸಾ ಪ್ರಯೋಗಗಳನ್ನು 2017ರಲ್ಲಿ ಪರಾಮರ್ಶಿಸಿದ ರಸಾಯನ ವಿಜ್ಞಾನಿಗಳಿಗೆ, ಕಟ್ಟುನಿಟ್ಟಾಗಿ ನಡೆದು ಯಶಸ್ವಿಯಾದ ಒಂದೂ ಸಿಗಲಿಲ್ಲ.

ಜೋಡಿ ನಿಜವಾಗಿ ಕೆಲಸ ಮಾಡುವುದು ಮಾತ್ರೆಯಲ್ಲಿ. ಡಬ್ಬಿಯ ಮೇಲೆ ಕರ್ಕ್ಯುಮಿನ್ 500 ಮಿಲಿಗ್ರಾಂ, ಪೈಪರಿನ್ 5 ಮಿಲಿಗ್ರಾಂ ಎಂದಿದ್ದರೆ ಒಂದೊಂದು ಗುಳಿಗೆಯೂ 16 ಗ್ರಾಂ ಅರಿಶಿನ ಪುಡಿಗೆ ಸಮ, ಮೇಲಾಗಿ ಹೊರಹಾಕುವ ದಾರಿಗೆ ಅಡ್ಡಿ. ಅಮೆರಿಕದ ಯಕೃತ್ ತಜ್ಞರ ಜಾಲವೊಂದು ಅರಿಶಿನ ಉತ್ಪನ್ನಗಳಿಂದ ಯಕೃತ್ತಿಗೆ ಪೆಟ್ಟು ಬಿದ್ದ 10 ಪ್ರಕರಣಗಳನ್ನು 2022ರ ಹೊತ್ತಿಗೆ ದಾಖಲಿಸಿತು. ಐವರು ಆಸ್ಪತ್ರೆ ಸೇರಿದರು, ಒಬ್ಬರು ತೀರಿಕೊಂಡರು. ಹತ್ತರಲ್ಲಿ ಏಳು ಮಂದಿಯಲ್ಲಿ ಒಂದೇ ಬಗೆಯ ವಂಶವಾಹಿ ಕಂಡಿತು, ಹಾಗಾಗಿ ಎಲ್ಲರಿಗೂ ಹೀಗಾಗುವುದಿಲ್ಲ. ಯಾರಿಗೆ ಆಗುತ್ತದೆಂದು ಮೊದಲೇ ಹೇಳಲೂ ಆಗುವುದಿಲ್ಲ.

ಪೈಪರಿನ್ ತಡೆಯುವುದು ಕರ್ಕ್ಯುಮಿನ್ ಒಂದನ್ನೇ ಅಲ್ಲ. ಮೂರ್ಛೆ ರೋಗದ ಫೆನಿಟಾಯಿನ್, ರಕ್ತದೊತ್ತಡಕ್ಕೆ ಕೊಡುವ ಪ್ರೊಪ್ರಾನೊಲಾಲ್ ರಕ್ತದಲ್ಲಿ ಏರುವುದನ್ನು ಪ್ರಯೋಗಗಳು ತೋರಿಸಿವೆ. ರಕ್ತ ತೆಳುಮಾಡುವ ವಾರ್ಫರಿನ್ ನುಂಗುತ್ತಿದ್ದ ರೋಗಿಯೊಬ್ಬರು ಅರಿಶಿನದ ಉತ್ಪನ್ನ ಶುರುಮಾಡಿದ ಮೇಲೆ ಅವರ ರಕ್ತ ಹೆಪ್ಪುಗಟ್ಟುವ ವೇಳೆಯನ್ನು ಅಳೆಯುವ ಐಎನ್‌ಆರ್ 10 ದಾಟಿದ್ದನ್ನು ನ್ಯೂಜಿಲೆಂಡಿನ ಔಷಧ ನಿಯಂತ್ರಕರು 2018ರಲ್ಲಿ ಎಚ್ಚರಿಕೆಯಾಗಿ ಪ್ರಕಟಿಸಿದರು. ವಾರ್ಫರಿನ್ ನುಂಗುವವರಲ್ಲಿ ಸಾಮಾನ್ಯವಾಗಿ ಅದು 2ರಿಂದ 3ರ ನಡುವೆ ಇರಬೇಕು. ಇಂಥ ಔಷಧಿ ನುಂಗುವವರು ಅರಿಶಿನದ ಗುಳಿಗೆಯ ಡಬ್ಬಿಯನ್ನು ವೈದ್ಯರಿಗೆ ತೋರಿಸಬೇಕು. ಮೂತ್ರ ಕಡುಬಣ್ಣಕ್ಕೆ ತಿರುಗಿದರೆ, ಕಣ್ಣು ಹಳದಿಯಾದರೆ, ಊಟ ಸೇರದಿದ್ದರೆ ಗುಳಿಗೆ ನಿಲ್ಲಿಸಿ ಯಕೃತ್ತಿನ ಪರೀಕ್ಷೆ ಮಾಡಿಸಬೇಕು.