ಒಂದೇ ಅಪಾಯಕ್ಕೆ ಎರಡು ಸಲ ಕಳೆಯಬೇಡಿ
ಹಣ್ಣಿನ ತೋಟದ ಲಾಭನಷ್ಟದ ಅಂದಾಜಿನಲ್ಲಿ ಆಗುವ ಒಂದು ತಪ್ಪು

ಹಣ್ಣಿನ ತೋಟವೆಂದರೆ ಇಂದು ಹಣ ಹಾಕಿ ಐದಾರು ವರ್ಷ ಕಾದು, ಆಮೇಲೆ ಫಲ ಉಣ್ಣುವ ಕೆಲಸ. ಆದ್ದರಿಂದ ಸಸಿ ನೆಡುವ ಮೊದಲೇ ಲೆಕ್ಕ ಹಾಕಿ ನೋಡುವುದು ಒಳ್ಳೆಯ ಪದ್ಧತಿ. ಆದರೆ ಎಚ್ಚರಿಕೆ ಹೆಚ್ಚಾಗಿಯೂ ಲೆಕ್ಕ ಕೆಡುವುದುಂಟು. ಶ್ರೀನಿವಾಸಪುರದ ಕಡೆಯ ರೈತರೊಬ್ಬರು ಒಂದು ಎಕರೆ ಬಾದಾಮಿ ಮಾವಿನ ಅಂದಾಜುಪಟ್ಟಿಯನ್ನು ನನಗೆ ತೋರಿಸಿದ್ದರು. ಪಟ್ಟಿಯ ಪ್ರಕಾರ ತೋಟದಿಂದ ನಷ್ಟ. ಕೂಡಿಸುವುದರಲ್ಲಿ ಕಳೆಯುವುದರಲ್ಲಿ ತಪ್ಪೇನೂ ಇರಲಿಲ್ಲ. ಒಂದೇ ಅಪಾಯವನ್ನು ಎರಡು ಕಡೆ ಕಳೆದದ್ದೇ ತಪ್ಪು. ಅಂಥದೇ ಒಂದು ಲೆಕ್ಕವನ್ನು ಸುಲಭವಾದ ಅಂಕಿಗಳಲ್ಲಿ ಇಲ್ಲಿ ವಿವರಿಸಲಾಗಿದೆ. ನಿಮ್ಮ ಊರಿನ ಬೆಲೆ, ಇಳುವರಿ ಬೇರೆಯಾಗಿರಬಹುದು. ಲೆಕ್ಕದ ಕ್ರಮ ಇದೇ.

ಸೋಡಿ ದರ ಎಂದರೇನು?

ಇಂದಿನ ನೂರು ರೂಪಾಯಿಯನ್ನು ಶೇಕಡಾ 10ರ ದರದಲ್ಲಿ ತೊಡಗಿಸಿದರೆ ಮುಂದಿನ ವರ್ಷ 110 ಆಗುತ್ತದೆ. ಎಂದರೆ ಮುಂದಿನ ವರ್ಷ ಕೈಸೇರುವ 110 ರೂಪಾಯಿಯ ಇಂದಿನ ಬೆಲೆ ನೂರೇ. ಹೀಗೆ ಮುಂದೆ ಬರುವ ಹಣವನ್ನು ಇಂದಿನ ಬೆಲೆಗೆ ಇಳಿಸುವ ದರವನ್ನು ಸೋಡಿ ದರ ಎನ್ನುತ್ತಾರೆ. ಶೇಕಡಾ 10ರಲ್ಲಿ ಆರನೆಯ ವರ್ಷದ ನೂರು ರೂಪಾಯಿಗೆ ಇಂದಿನ ಬೆಲೆ 56 ರೂಪಾಯಿ. ದರ ಶೇಕಡಾ 18 ಆದರೆ ಅದು 37ಕ್ಕೆ ಇಳಿಯುತ್ತದೆ.

ತೋಟದ ಲೆಕ್ಕ

ಹತ್ತು ಮೀಟರ್ ಅಂತರದಲ್ಲಿ ಎಕರೆಗೆ 40 ಗಿಡ. ಗುಂಡಿ, ಸಸಿ, ಬೇಲಿ, ನೀರಿನ ವ್ಯವಸ್ಥೆ, ಸತ್ತ ಸಸಿಗಳ ಬದಲಿಗೆ ಮರುನಾಟಿ ಎಲ್ಲ ಸೇರಿ ಆರಂಭದ ವೆಚ್ಚ 1,20,000 ರೂಪಾಯಿ ಎಂದಿಟ್ಟುಕೊಳ್ಳೋಣ. ಮೊದಲ ಐದು ವರ್ಷದ ಆರೈಕೆಯ ಖರ್ಚು ಸಾಲುಗಳ ನಡುವೆ ಬೆಳೆದ ರಾಗಿ, ಹುರುಳಿಯಿಂದ ಸರಿದೂಗುತ್ತದೆ. ಆರನೆಯ ವರ್ಷದಿಂದ ಇಪ್ಪತ್ತು ವರ್ಷ ಫಸಲು. ಎಲ್ಲ ವರ್ಷಕ್ಕೂ ಇಂದಿನ ಬೆಲೆಗಳನ್ನೇ ಹಿಡಿಯಲಾಗಿದೆ.

ಒಳ್ಳೆಯ ವರ್ಷದಲ್ಲಿ ಗಿಡಕ್ಕೆ 60 ಕಿಲೋ, ಕಿಲೋಗೆ 30 ರೂಪಾಯಿಯಂತೆ 72,000. ಖರ್ಚು 12,000 ಕಳೆದರೆ ಉಳಿತಾಯ 60,000 ರೂಪಾಯಿ. ಆದರೆ ಬಾದಾಮಿ ಪ್ರತಿ ವರ್ಷವೂ ಒಂದೇ ಸಮನಾಗಿ ಫಲ ಕೊಡುವ ತಳಿಯಲ್ಲ. ತುಂಬಾ ಬಿಟ್ಟ ಮರುವರ್ಷ ಕಡಿಮೆ ಬಿಡುತ್ತದೆ. ಹೂ ಬಿಡುವ ಕಾಲದಲ್ಲಿ ಜಿಗಿಹುಳು, ಬೂದಿರೋಗ ಬಂದರೆ ಅಥವಾ ಮಳೆ ಹಿಡಿದರೆ ಫಸಲು ಕೈಬಿಡುತ್ತದೆ. ಆದ್ದರಿಂದ ಹತ್ತು ವರ್ಷಗಳಲ್ಲಿ ಐದು ವರ್ಷ 60,000, ಮೂರು ವರ್ಷ 20,000, ಇನ್ನೆರಡು ವರ್ಷ ಕೈಯಿಂದಲೇ 10,000 ನಷ್ಟ ಎಂದು ಹಿಡಿದರೆ ಸರಾಸರಿ 34,000 ರೂಪಾಯಿ ಆಗುತ್ತದೆ.

ಗಮನಿಸಿ, 60,000 ಇದ್ದದ್ದು 34,000ಕ್ಕೆ ಇಳಿದಾಗಲೇ ಈ ಅಪಾಯಗಳೆಲ್ಲ ಲೆಕ್ಕಕ್ಕೆ ಬಂದವು. ಆ ರೈತರ ಪಟ್ಟಿಯಲ್ಲೂ ಇಷ್ಟು ಸರಿಯಾಗಿತ್ತು. ಆದರೆ ಅವರು ಅಲ್ಲಿಗೆ ನಿಲ್ಲದೆ, "ತೋಟ ಅಪಾಯದ ಬಾಬತ್ತು" ಎಂದು ಸೋಡಿ ದರವನ್ನೂ ಶೇಕಡಾ 10ರಿಂದ 18ಕ್ಕೆ ಏರಿಸಿದ್ದರು. ಇದರ ಪರಿಣಾಮ ಹೀಗಿದೆ. 1,20,000 ವೆಚ್ಚವನ್ನು ಕಳೆದ ಮೇಲೆ ಇಂದಿನ ಬೆಲೆಯಲ್ಲಿ ಉಳಿಯುವುದು:

1. ಅಪಾಯವನ್ನು ಫಸಲಿನಲ್ಲಿ ಮಾತ್ರ ಕಳೆದಾಗ (34,000, ಶೇ. 10): ಸುಮಾರು 59,700 ಲಾಭ
2. ಅಪಾಯವನ್ನು ದರದಲ್ಲಿ ಮಾತ್ರ ಸೇರಿಸಿದಾಗ (60,000, ಶೇ. 18): ಸುಮಾರು 20,400 ಲಾಭ
3. ಎರಡೂ ಕಡೆ ಕಳೆದಾಗ (34,000, ಶೇ. 18): ಸುಮಾರು 40,400 ನಷ್ಟ

ಒಂದೊಂದೇ ಕಡೆ ಕಳೆದಾಗ ಲಾಭ ತೋರಿದ ತೋಟ ಎರಡೂ ಕಡೆ ಕಳೆದಾಗ ನಷ್ಟದ ತೋಟವಾಯಿತು. ಜಿಗಿಹುಳು ಬಂದದ್ದು ಒಂದೇ ಸಲ, ಲೆಕ್ಕದಲ್ಲಿ ಮಾತ್ರ ಎರಡು ಸಲ ತಿಂದಿತು.

ದರ ಏರಿಸಿದಾಗ ಒಳಗೆ ಆಗುವುದೇನು?

ದರವನ್ನು 10ರಿಂದ 18ಕ್ಕೆ ಏರಿಸುವುದು ಚಿಕ್ಕ ಬದಲಾವಣೆಯಂತೆ ಕಾಣುತ್ತದೆ. ಆದರೆ ಸೋಡಿ ಚಕ್ರಬಡ್ಡಿಯಂತೆ ಬೆಳೆಯುತ್ತದೆ. ಈ ಏರಿಕೆಯ ಅರ್ಥವೆಂದರೆ ಆರನೆಯ ವರ್ಷದ ಆದಾಯದಲ್ಲಿ ನೂರಕ್ಕೆ 66 ಮಾತ್ರ, ಹದಿನೈದನೆಯ ವರ್ಷದಲ್ಲಿ 35 ಮಾತ್ರ, ಇಪ್ಪತ್ತೈದನೆಯ ವರ್ಷದಲ್ಲಿ 17 ಮಾತ್ರ ನಂಬಿದಂತೆ. ಮಾವಿನ ತೋಟದ ಅಪಾಯ ಹೀಗೆ ವರ್ಷದಿಂದ ವರ್ಷಕ್ಕೆ ಬೆಳೆಯುವುದಿಲ್ಲ. ಸಸಿ ಸಾಯುವ ಭಯ ಮೊದಲ ಎರಡು ಮೂರು ವರ್ಷಗಳಲ್ಲೇ ಹೆಚ್ಚು. ಜಿಗಿಹುಳುವಿನ ಕಾಟ ಆರನೆಯ ವರ್ಷದಲ್ಲಿ ಎಷ್ಟೋ ಇಪ್ಪತ್ತನೆಯ ವರ್ಷದಲ್ಲೂ ಸುಮಾರಾಗಿ ಅಷ್ಟೆ. ಹೆಚ್ಚಿನ ದರದಿಂದ ಹೆಚ್ಚು ಪೆಟ್ಟು ಬೀಳುವುದು ಬಹುಕಾಲದ ಬೆಳೆಗೆ. ನಾಲ್ಕು ತಿಂಗಳಲ್ಲಿ ಕೈಸೇರುವ ರಾಗಿಗೆ ಅದು ತಟ್ಟುವುದೇ ಇಲ್ಲ ಎನ್ನಬಹುದು. ಹೀಗಾಗಿ ಎರಡನ್ನೂ ಹೋಲಿಸುವಾಗ ತಕ್ಕಡಿ ಮೊದಲೇ ಒಂದು ಕಡೆ ವಾಲಿರುತ್ತದೆ.

ತಪ್ಪನ್ನು ಗುರುತಿಸುವ ಬಗೆ

ನಷ್ಟ ತೋರಿದ ಲೆಕ್ಕವನ್ನು ತಿರುಗಿ ಫಸಲಿನ ಭಾಷೆಗೆ ತನ್ನಿ. ಮೂರನೆಯ ಲೆಕ್ಕ ಹೇಳುವುದು ಶೇಕಡಾ 10ರ ದರದಲ್ಲಿ ತೋಟ ವರ್ಷಕ್ಕೆ ಸರಾಸರಿ 15,000 ಮಾತ್ರ ಉಳಿಸುತ್ತದೆ ಎಂಬುದಕ್ಕೆ ಸಮ. ಹಾಗಾಗಬೇಕಾದರೆ ಹತ್ತು ವರ್ಷಗಳಲ್ಲಿ ಒಳ್ಳೆಯ ಫಸಲು ಎರಡೇ ಸಲ, ಸಾಧಾರಣ ಫಸಲು ನಾಲ್ಕು ಸಲ, ಪೂರ್ತಿ ನಷ್ಟ ನಾಲ್ಕು ಸಲ ಆಗಬೇಕು. ಆಗಲೂ ಸರಾಸರಿ 16,000 ಬರುತ್ತದೆ. ನೆರೆಯ ತೋಟಗಳ ಅನುಭವ ಹೀಗಿದೆಯೇ ಎಂದು ಹಿರಿಯರನ್ನು ವಿಚಾರಿಸಿ. ಇಲ್ಲವೆಂದಾದರೆ ಲೆಕ್ಕದಲ್ಲಿ ಭಯ ಎರಡು ಸಲ ಸೇರಿದೆ ಎಂದೇ ತಿಳಿಯಿರಿ.

ಯಾವುದನ್ನು ಎಲ್ಲಿ ಕಳೆಯಬೇಕು?

ಎಣಿಸಬಹುದಾದ ಅಪಾಯಗಳು ಫಸಲಿನ ಪಟ್ಟಿಗೆ ಸೇರಬೇಕು. ಕಡಿಮೆ ಬಿಡುವ ವರ್ಷ, ಕೀಟ ರೋಗ, ಆಲಿಕಲ್ಲು, ಕೊಳವೆಬಾವಿ ಬತ್ತುವುದು, ಸಸಿ ಸಾಯುವುದು ಈ ಬಗೆಯವು. ಹತ್ತರಲ್ಲಿ ಎಷ್ಟು ಸಲ, ಎಷ್ಟು ನಷ್ಟ ಎಂದು ಬರೆದು ಸರಾಸರಿ ತೆಗೆಯಿರಿ. ಸರಾಸರಿ ತೆಗೆದ ಮೇಲೆ "ಇರಲಿ" ಎಂದು ಮತ್ತೆ ಕಡಿಮೆ ಮಾಡಬೇಡಿ. ದರದಲ್ಲಿ ಇರಬೇಕಾದದ್ದು ಹಣ ಕಾಯುವುದರ ಬೆಲೆ ಮತ್ತು ನಾಡಿನ ಎಲ್ಲ ಕಸುಬುಗಳಿಗೂ ಒಟ್ಟಿಗೆ ತಟ್ಟುವ ಮಾರುಕಟ್ಟೆಯ ಏರಿಳಿತದ ಪಾಲು ಮಾತ್ರ.

ಇನ್ನೂ ಭಯವಿದ್ದರೆ ದರವನ್ನು ಮುಟ್ಟದೆ ಎಣಿಕೆಯನ್ನೇ ಬದಲಿಸಿ ನೋಡಿ. ಒಳ್ಳೆಯ ವರ್ಷ ನಾಲ್ಕು, ಸಾಧಾರಣ ಮೂರು, ನಷ್ಟದ್ದು ಮೂರು ಎಂದರೆ ಸರಾಸರಿ 27,000 ಆಗುತ್ತದೆ. ಆಗಲೂ ತೋಟದಲ್ಲಿ ಸುಮಾರು 22,700 ಲಾಭ ಉಳಿಯುತ್ತದೆ. ಸರಾಸರಿ ಸುಮಾರು 22,700ಕ್ಕಿಂತ ಕೆಳಗೆ ಹೋದರೆ ಮಾತ್ರ ತೋಟ ಬೇಡ. ಇಂಥ ಎಣಿಕೆಯನ್ನು ನಾಲ್ಕು ಜನ ಕುಳಿತು ಚರ್ಚಿಸಬಹುದು. ಶೇಕಡಾ 18 ಎಂಬ ಅಂಕಿಯೊಳಗೆ ಯಾವ ಭಯ ಅಡಗಿದೆ ಎಂದು ಯಾರಿಗೂ ಕಾಣುವುದಿಲ್ಲ.

ಒಂದು ಮಾತು ಉಳಿಯುತ್ತದೆ. ಸರಾಸರಿಯಲ್ಲಿ ಲಾಭವಿದ್ದರೂ ಮೊದಲ ಎರಡು ಫಸಲು ಕೈಕೊಟ್ಟರೆ ಸಾಲದ ಕಂತು ಕಟ್ಟಲಾಗದೆ ಜಮೀನಿಗೇ ಸಂಚಕಾರ ಬರಬಹುದು. ಇದು ನಿಜವಾದ ಅಪಾಯ. ಆದರೆ ದರ ಏರಿಸಿದರೆ ಇದಕ್ಕೆ ಉತ್ತರ ಸಿಗುವುದಿಲ್ಲ. ಆರನೆಯ ಮತ್ತು ಏಳನೆಯ ವರ್ಷ ಎರಡೂ ನಷ್ಟವಾದರೆ ಮನೆಯ ಖರ್ಚು, ಕಂತು ಯಾವುದರಿಂದ ಎಂದು ಬೇರೆ ಹಾಳೆಯಲ್ಲಿ ಬರೆದು ನೋಡಿ. ದಾರಿ ಕಾಣದಿದ್ದರೆ ಒಂದು ಎಕರೆಯ ಬದಲು ಅರ್ಧ ಎಕರೆಗೆ ಸಸಿ ನೆಡಿ, ಅಥವಾ ಕಂತಿನ ಆರಂಭವನ್ನು ಮುಂದೂಡಲು ಬ್ಯಾಂಕಿನವರನ್ನು ಕೇಳಿ.

ಆ ರೈತರು ಪಟ್ಟಿಯನ್ನು ಹೊಸದಾಗಿ ಬರೆದು, ಅರ್ಧ ಎಕರೆಗೆ ಗುಂಡಿ ತೋಡಿಸಿದರು.