ತೊಳೆದ ಮೊಟ್ಟೆ, ಬೆವರುವ ಮೊಟ್ಟೆ

ಅಂಗಡಿಯಿಂದ ತಂದ ಮೊಟ್ಟೆಯ ಮೇಲೆ ಒಣಗಿದ ಹಿಕ್ಕೆಯೋ ಒಂದೆಳೆ ಪುಕ್ಕವೋ ಅಂಟಿಕೊಂಡಿದ್ದರೆ, ಅದನ್ನು ನಲ್ಲಿಯ ಕೆಳಗೆ ಹಿಡಿದು ಉಜ್ಜಿ ಫ್ರಿಜ್ಜಿಗೆ ಸೇರಿಸುವುದು ಅನೇಕ ಮನೆಗಳ ವಾಡಿಕೆ. ನೋಡುವುದಕ್ಕೆ ಇದು ಅಚ್ಚುಕಟ್ಟು. ಮೊಟ್ಟೆಯ ಮಟ್ಟಿಗೆ ಮಾತ್ರ ಅಷ್ಟು ಒಳ್ಳೆಯದಲ್ಲ.

ಗಟ್ಟಿಯಾಗಿ ಕಾಣುವ ಚಿಪ್ಪಿನಲ್ಲಿ ಸಾವಿರಾರು ಸೂಕ್ಷ್ಮ ರಂಧ್ರಗಳಿವೆ. ಒಳಗೆ ಮರಿ ಬೆಳೆಯುವುದಾದರೆ ಅದಕ್ಕೆ ಉಸಿರಾಡಲು ಗಾಳಿ ಬೇಕಲ್ಲ! ಆದರೆ ಗಾಳಿ ನುಸುಳುವ ದಾರಿಯಲ್ಲಿ ಬ್ಯಾಕ್ಟೀರಿಯಾವೂ ನುಸುಳಬಹುದು. ಅದಕ್ಕೇ ಮೊಟ್ಟೆ ಇಡುವ ಮುನ್ನ ಕೋಳಿಯ ದೇಹ ಚಿಪ್ಪಿನ ಮೇಲೆ ತೆಳ್ಳನೆಯ ಪ್ರೋಟೀನ್ ಲೇಪವೊಂದನ್ನು ಬಳಿಯುತ್ತದೆ. ಇಟ್ಟಾಗ ಒದ್ದೆಯಾಗಿರುವ ಈ ಲೇಪ ಕೆಲವೇ ನಿಮಿಷಗಳಲ್ಲಿ ಒಣಗಿ ರಂಧ್ರಗಳ ಬಾಯಿ ಮುಚ್ಚುತ್ತದೆ. ನೀರು ಹಾಕಿ ಉಜ್ಜಿದರೆ ಈ ಲೇಪವೇ ಹಾಳಾಗುತ್ತದೆ.

ನೀರು ತಣ್ಣಗಿದ್ದರಂತೂ ಇನ್ನೊಂದು ತೊಂದರೆ. ಅಡುಗೆಮನೆಯ ಸೆಕೆಯಲ್ಲಿ 30 ಡಿಗ್ರಿಯಲ್ಲಿದ್ದ ಮೊಟ್ಟೆಯನ್ನು 20 ಡಿಗ್ರಿಯ ನೀರಿನಲ್ಲಿ ಮುಳುಗಿಸಿದರೆ ಒಳಗಿನ ದ್ರವ ಮತ್ತು ಗಾಳಿ ಕುಗ್ಗುತ್ತವೆ. ಹಾಗೆ ತೆರವಾದ ಜಾಗವನ್ನು ತುಂಬಲು ಹೊರಗಿನ ನೀರು ರಂಧ್ರಗಳ ಮೂಲಕ ಒಳಕ್ಕೆ ಎಳೆಯಲ್ಪಡುತ್ತದೆ. ಚಿಪ್ಪಿನ ಮೇಲಿದ್ದ ಕೊಳೆಯೂ ಅದರ ಜೊತೆಗೇ ಒಳಸೇರುತ್ತದೆ.

ಹಾಗಾದರೆ ಅಮೆರಿಕದವರು ತೊಳೆಯುವುದಿಲ್ಲವೇ? ತೊಳೆಯುತ್ತಾರೆ, ಆದರೆ ಕಾರ್ಖಾನೆಯಲ್ಲಿ. ಅಲ್ಲಿನ ಕೃಷಿ ಇಲಾಖೆಯ ನಿಯಮದಂತೆ ತೊಳೆಯುವ ನೀರು ಕನಿಷ್ಠ 32 ಡಿಗ್ರಿ ಇರಬೇಕು, ಮೊಟ್ಟೆಗಿಂತ ಸುಮಾರು 11 ಡಿಗ್ರಿಯಷ್ಟಾದರೂ ಬಿಸಿಯಾಗಿರಬೇಕು. ತೊಳೆದ ಮೇಲೆ ಒಣಗಿಸಿ, 7 ಡಿಗ್ರಿಗಿಂತ ಹೆಚ್ಚಿಲ್ಲದ ಥಂಡಿಯಲ್ಲೇ ಅಂಗಡಿಯವರೆಗೆ ಸಾಗಿಸುತ್ತಾರೆ. ಯುರೋಪಿನ ಒಕ್ಕೂಟದ್ದು ಇದಕ್ಕೆ ತದ್ವಿರುದ್ಧ: ಮೊದಲ ದರ್ಜೆಯ ಮೊಟ್ಟೆಗಳನ್ನು ಸಾಮಾನ್ಯವಾಗಿ ತೊಳೆಯುವಂತೆಯೇ ಇಲ್ಲ. ಲೇಪವನ್ನು ಉಳಿಸಿಕೊಳ್ಳುವುದು ಒಂದು ದಾರಿ, ಅದನ್ನು ಕಳೆದು ಥಂಡಿಯನ್ನು ನೆಚ್ಚುವುದು ಇನ್ನೊಂದು. ನಲ್ಲಿಯ ಕೆಳಗಿನ ತೊಳೆತ ಎರಡೂ ದಾರಿಗೆ ಸೇರಿದ್ದಲ್ಲ. ಒಣ ಕೊಳೆಯಿದ್ದರೆ ಒಣ ಬಟ್ಟೆಯಿಂದ ಒರೆಸಿದರೆ ಸಾಕು. ತೊಳೆಯಲೇಬೇಕು ಅನ್ನಿಸಿದರೆ ಒಡೆಯುವುದಕ್ಕೆ ಮುಂಚೆ, ಉಗುರುಬೆಚ್ಚಗಿನ ನೀರಿನಲ್ಲಿ ತೊಳೆಯಬಹುದು.

ಎಷ್ಟು ತೊಳೆದರೂ ಹೋಗದ ಸಂಗತಿಯೂ ಒಂದಿದೆ. ಸಾಲ್ಮೊನೆಲ್ಲಾ ಎಂಟೆರಿಟಿಡಿಸ್ ಎಂಬ ಬ್ಯಾಕ್ಟೀರಿಯಾ ಸೋಂಕಿತ ಕೋಳಿಯ ಅಂಡಾಶಯದಲ್ಲೇ ಇದ್ದು, ಚಿಪ್ಪು ಮೂಡುವುದಕ್ಕೂ ಮೊದಲೇ ಮೊಟ್ಟೆಯೊಳಗೆ ಸೇರಬಲ್ಲದು. ಬಿಳಿಭಾಗ ಅದನ್ನು ಸುಮ್ಮನೆ ಬೆಳೆಯಲು ಬಿಡುವುದಿಲ್ಲ. ಅಲ್ಲಿರುವ ಒಂದು ಪ್ರೋಟೀನು ಬ್ಯಾಕ್ಟೀರಿಯಾಕ್ಕೆ ಬೇಕಾದ ಕಬ್ಬಿಣದ ಅಂಶವನ್ನು ಕಟ್ಟಿಹಾಕುತ್ತದೆ. ಆದರೆ ದಿನ ಕಳೆದಂತೆ, ಅದೂ ಸೆಕೆಯಲ್ಲಿ, ಹಳದಿಯ ಸುತ್ತಲಿನ ಪೊರೆ ಸಡಿಲವಾಗುತ್ತದೆ. ಹಳದಿಯೊಳಗಿನ ಪೌಷ್ಟಿಕಾಂಶ ಸಿಕ್ಕಿತೆಂದರೆ ಬ್ಯಾಕ್ಟೀರಿಯಾಕ್ಕೆ ಹಬ್ಬ. ಫ್ರಿಜ್ಜಿನ ಥಂಡಿ ಪೊರೆಯನ್ನೂ ಕಾಯುತ್ತದೆ, ಬ್ಯಾಕ್ಟೀರಿಯಾವನ್ನೂ ತಡೆಯುತ್ತದೆ. ಕೊಲ್ಲುವುದು ಮಾತ್ರ ಬೆಂಕಿಯೇ: ಬಿಳಿ, ಹಳದಿ ಎರಡೂ ಗಟ್ಟಿಯಾಗುವವರೆಗೆ ಬೇಯಿಸಬೇಕು.

ಇನ್ನು ಬಾಗಿಲ ವಿಚಾರ. ಫ್ರಿಜ್ ತಯಾರಕರೇ ಬಾಗಿಲಲ್ಲಿ ಮೊಟ್ಟೆಯ ಗುಳಿಗಳನ್ನು ಕೊಟ್ಟಿರುವಾಗ ಬೇರೆ ಕಡೆ ಇಡಿ ಎಂದರೆ ಯಾರು ಕೇಳುತ್ತಾರೆ? ಆದರೂ ಬಾಗಿಲು ತೆರೆದಾಗಲೆಲ್ಲ ಹೊರಗಿನ ಬಿಸಿಗೆ ನೇರವಾಗಿ ಸಿಗುವುದು ಆ ಜಾಗವೇ. ಒಂದು ಸಲ ತೆರೆದು ಮುಚ್ಚಿದರೆ ಮೊಟ್ಟೆಯ ಒಳಗು ಬಿಸಿಯಾಗಿಬಿಡುವುದಿಲ್ಲ. ಬೇಸಿಗೆಯಲ್ಲಿ ಮಕ್ಕಳು ತಣ್ಣೀರಿಗೆಂದು ಮತ್ತೆ ಮತ್ತೆ ತೆರೆಯುವ ಮನೆಯಲ್ಲಿ, ಮೇಲಿಂದ ಕರೆಂಟೂ ಹೋಗಿಬರುತ್ತಿದ್ದರೆ, ಕತೆ ಬೇರೆ. ಪರೀಕ್ಷಿಸುವುದು ಸುಲಭ. ಒಂದು ಲೋಟ ನೀರಿನಲ್ಲಿ ಫ್ರಿಜ್ ಥರ್ಮಾಮೀಟರ್ ಇಟ್ಟು, ಮನೆಮಂದಿ ಎಂದಿನಂತೆ ಬಾಗಿಲು ತೆಗೆದು ಹಾಕುತ್ತಿರುವ ಹೊತ್ತಿನಲ್ಲೇ ಕೆಲವು ಗಂಟೆ ಬಾಗಿಲಲ್ಲಿ, ಆಮೇಲೆ ಒಳಗಿನ ನಡು ಹಲಗೆಯ ಮೇಲೆ ಇರಿಸಿ ನೋಡಬೇಕು. 4 ಡಿಗ್ರಿಯ ಆಸುಪಾಸು ಸಿಗುವ ಕಡೆ ಮೊಟ್ಟೆಗೆ ಜಾಗ. ವಾರದೊಳಗೆ ಖರ್ಚಾಗುವ ಆರು ಮೊಟ್ಟೆಗೆ ಇಷ್ಟೆಲ್ಲ ತಲೆ ಕೆಡಿಸಿಕೊಳ್ಳಬೇಕಿಲ್ಲ. 30ರ ಟ್ರೇ ತರುವವರಿಗೆ ಇದು ಮುಖ್ಯ. ಹಾಗೆಂದು ಸಿಂಗಲ್ ಡೋರ್ ಫ್ರಿಜ್ಜಿನ ಫ್ರೀಜರ್‌ಗೆ ತಾಗಿಸಿಯೂ ಇಡಬಾರದು, ಒಳಗು ಹೆಪ್ಪುಗಟ್ಟಿ ಚಿಪ್ಪು ಸೀಳುತ್ತದೆ. ಮುಚ್ಚಳದ ಡಬ್ಬಿಯಲ್ಲಿ, ಚೂಪು ತುದಿ ಕೆಳಗಾಗಿ ಇಟ್ಟರೆ ಬೆಳ್ಳುಳ್ಳಿಯ ವಾಸನೆಯೂ ಹತ್ತುವುದಿಲ್ಲ.

ಬಾಗಿಲಿಗಿಂತ ದೊಡ್ಡ ತಪ್ಪು ಒಳಗೆ–ಹೊರಗೆ ಆಟ. ಮಂಗಳೂರಿನ ಮಳೆಗಾಲದ ತೇವದಲ್ಲಿ ತಣ್ಣಗಿನ ಮೊಟ್ಟೆಯನ್ನು ಕಟ್ಟೆಯ ಮೇಲಿಟ್ಟರೆ ನೋಡುನೋಡುತ್ತಿದ್ದಂತೆ ಚಿಪ್ಪು ಬೆವರುತ್ತದೆ. ಆ ನೀರಿನ ಪಸೆಯಲ್ಲಿ ಬ್ಯಾಕ್ಟೀರಿಯಾ ಚಿಪ್ಪಿನ ಮೇಲೆ ಸರಾಗವಾಗಿ ಓಡಾಡಿ ರಂಧ್ರಕ್ಕೆ ದಾರಿ ಹುಡುಕಿಕೊಳ್ಳುತ್ತದೆ. ಬೇಕಾದಷ್ಟನ್ನೇ ಹೊರತೆಗೆಯಬೇಕು, ಎರಡು ಗಂಟೆಗಿಂತ ಹೆಚ್ಚು ಹೊರಗುಳಿದದ್ದನ್ನು ಮತ್ತೆ ಒಳಗಿಟ್ಟು ಉಳಿಸಿಕೊಳ್ಳಲು ಹೋಗಬಾರದು.

ನೀರಿನಲ್ಲಿ ತೇಲಿಸಿ ನೋಡುವ ಹಳೆಯ ಪರೀಕ್ಷೆ ಹೇಳುವುದು ವಯಸ್ಸನ್ನು ಮಾತ್ರ: ಒಳಗಿನ ನೀರು ಆವಿಯಾದಷ್ಟೂ ಗಾಳಿಯ ಗೂಡು ದೊಡ್ಡದಾಗಿ ಮೊಟ್ಟೆ ಮೇಲೇಳುತ್ತದೆ. ಮುಳುಗಿದ ಮೊಟ್ಟೆಯಲ್ಲೂ ಸಾಲ್ಮೊನೆಲ್ಲಾ ಇರಬಹುದು, ಅದಕ್ಕೆ ವಾಸನೆಯೂ ಇಲ್ಲ. ಬೇಯಿಸಿಟ್ಟ ಮೊಟ್ಟೆ ಹೆಚ್ಚು ದಿನ ಬಾಳುತ್ತದೆ ಎಂಬ ನಂಬಿಕೆಯೂ ತಪ್ಪು. ಬೇಯಿಸುವಾಗ ಲೇಪ ಹೋಗಿರುತ್ತದೆ, ಬಿಳಿಭಾಗದ ರಕ್ಷಣೆಯೂ ಕೆಟ್ಟಿರುತ್ತದೆ. ಹಸಿ ಮೊಟ್ಟೆ ಫ್ರಿಜ್ಜಿನಲ್ಲಿ ಮೂರರಿಂದ ಐದು ವಾರ ತಡೆದರೆ, ಬೆಂದದ್ದನ್ನು ಒಂದು ವಾರದೊಳಗೆ ತಿಂದು ಮುಗಿಸಬೇಕು.